ಬಾಜಿ ದರದೊಳಗಿನ ರೇಟಿಂಗ್

ಫುಟ್‌ಬಾಲ್ ತಂಡಗಳ ಬಲವನ್ನು ಅಂಕಿಯಲ್ಲಿ ಹೇಳುವ ಪ್ರಯತ್ನ ಬಹುಕಾಲ ಬುಕ್ಕಿಗಳನ್ನು ಎದುರಾಳಿಗಳಾಗಿಯೇ ಕಂಡಿತು. 1982ರಲ್ಲಿ ಮೈಕೆಲ್ ಮಾಹರ್ ಪ್ರತಿ ತಂಡಕ್ಕೂ ದಾಳಿಗೊಂದು, ರಕ್ಷಣೆಗೊಂದು ಅಂಕಿ ಕೊಟ್ಟು ಗೋಲುಗಳ ಲೆಕ್ಕ ಹಾಕಿದರು. 1997ರಲ್ಲಿ ಮಾರ್ಕ್ ಡಿಕ್ಸನ್ ಮತ್ತು ಸ್ಟುವರ್ಟ್ ಕೋಲ್ಸ್ ಆ ಮಾದರಿಯನ್ನು ತಿದ್ದಿದರು. ಕಡಿಮೆ ಗೋಲಿನ ಪಂದ್ಯಗಳಲ್ಲಿ ಅದು ಮಾಡುತ್ತಿದ್ದ ತಪ್ಪನ್ನು ಸರಿಪಡಿಸಿ, ಹಳೆಯ ಪಂದ್ಯಗಳಿಗಿಂತ ಈಚಿನವಕ್ಕೆ ಹೆಚ್ಚು ತೂಕ ಕೊಟ್ಟರು. ಅವರ ಲೇಖನದ ಶೀರ್ಷಿಕೆಯಲ್ಲೇ ಬಾಜಿ ಮಾರುಕಟ್ಟೆಯ ಲೋಪಗಳ ಮಾತಿತ್ತು. ಮೊದಲು ನಮ್ಮ ರೇಟಿಂಗ್ ಕಟ್ಟುವುದು, ಆಮೇಲೆ ಅದನ್ನು ಬುಕ್ಕಿಯ ದರದೊಂದಿಗೆ ಹೋಲಿಸಿ ತಪ್ಪು ಹುಡುಕುವುದು ಅಂದಿನ ಕ್ರಮವಾಗಿತ್ತು.

ದಿಕ್ಕು ಬದಲಿಸಿದ್ದು ಒಂದು ಕಹಿಸತ್ಯ. 2010ರಲ್ಲಿ ಹ್ವಾಟ್ಟುಮ್ ಮತ್ತು ಆರ್ಂಟ್‌ಜೆನ್ ಚದುರಂಗದಿಂದ ಬಂದ ಈಲೋ ರೇಟಿಂಗನ್ನು ಫುಟ್‌ಬಾಲಿಗೆ ಅಳವಡಿಸಿ ಪರೀಕ್ಷಿಸಿದಾಗ, ಅದು ಕೆಲವು ಸರಳ ವಿಧಾನಗಳನ್ನು ಮೀರಿಸಿತು, ಆದರೆ ಮಾರುಕಟ್ಟೆಯ ದರವನ್ನು ಮೀರಿಸಲಿಲ್ಲ. ದರವೇ ಹೆಚ್ಚು ಬಲ್ಲದು ಎಂದಾದರೆ, ಅದರೊಳಗೆ ಅಡಗಿರುವ ರೇಟಿಂಗನ್ನೇ ಹೊರತೆಗೆಯಬಾರದೇಕೆ?

ತೆಗೆಯುವ ಬಗೆಯನ್ನು ಒಂದು ಕಲ್ಪಿತ ಪಂದ್ಯದಲ್ಲಿ ನೋಡೋಣ. ‘ಅ’ ತಂಡ ತವರಿನಲ್ಲಿ ‘ಬ’ ವಿರುದ್ಧ ಆಡುತ್ತಿದೆ. ಅ ಗೆದ್ದರೆ 2.10, ಡ್ರಾ ಆದರೆ 3.40, ಬ ಗೆದ್ದರೆ 3.60 ಎಂಬುದು ದರ. ಒಂದನ್ನು ಪ್ರತಿ ದರದಿಂದ ಭಾಗಿಸಿ ಕೂಡಿಸಿದರೆ 1.048 ಬರುತ್ತದೆ. ಒಂದನ್ನು ಮೀರಿದ ಆ 0.048 ಬುಕ್ಕಿ ತನಗಾಗಿ ಇಟ್ಟುಕೊಂಡದ್ದು. ಅದನ್ನು ಮೂರೂ ಫಲಿತಾಂಶಗಳಿಂದ ಒಂದೇ ಪ್ರಮಾಣದಲ್ಲಿ ಕಳೆದರೆ ಅ ಗೆಲ್ಲುವ ಸಾಧ್ಯತೆ 0.454, ಡ್ರಾ 0.281, ಬ ಗೆಲ್ಲುವುದು 0.265. ಡ್ರಾವನ್ನು ಅರ್ಧ ಗೆಲುವೆಂದು ಎಣಿಸಿದರೆ ‘ಅ’ದ ನಿರೀಕ್ಷಿತ ಅಂಕ E = 0.595. ಇದನ್ನು ಈಲೋ ಅಳತೆಗೆ ತರುವ ಸೂತ್ರ ಇದು:

```
D = 400 * log10(E / (1 - E))
```

ಉತ್ತರ 67. ತವರಿನ ಅನುಕೂಲಕ್ಕೆ 60 ಅಂಕ ಎಂದಿಟ್ಟುಕೊಂಡರೆ ಉಳಿಯುವುದು ಕೇವಲ 7. ಮೇಲ್ನೋಟಕ್ಕೆ ‘ಅ’ ಸ್ಪಷ್ಟವಾಗಿ ಮುಂದಿದ್ದಂತೆ ಕಂಡರೂ, ಮಾರುಕಟ್ಟೆಯ ಕಣ್ಣಿನಲ್ಲಿ ಎರಡೂ ಹೆಚ್ಚುಕಡಿಮೆ ಸಮಬಲದ ತಂಡಗಳು.

ಬುಕ್ಕಿಯ ಪಾಲನ್ನು ಸಮಪ್ರಮಾಣದಲ್ಲಿ ಕಳೆಯುವುದು ಎಲ್ಲ ಪಂದ್ಯಗಳಿಗೂ ಸರಿಹೋಗುವುದಿಲ್ಲ. ಗೆಲ್ಲುವ ಸಾಧ್ಯತೆ ತೀರಾ ಕಡಿಮೆ ಇರುವ ಕುದುರೆಯ ಮೇಲೆ ಜನ ಅಗತ್ಯಕ್ಕಿಂತ ಹೆಚ್ಚು ಹಣ ಹಾಕುತ್ತಾರೆ ಎಂಬುದು ರೇಸ್ ಮೈದಾನಗಳಲ್ಲಿ ಹಿಂದಿನಿಂದಲೂ ಕಂಡದ್ದು. ಒಳಗಿನ ಸುದ್ದಿ ಬಲ್ಲವರಿಂದ ತನ್ನನ್ನು ಕಾಪಾಡಿಕೊಳ್ಳಲು ಬುಕ್ಕಿ ದೂರದ ಸಾಧ್ಯತೆಗಳ ದರವನ್ನೇ ಹೆಚ್ಚು ಕುಗ್ಗಿಸುತ್ತಾನೆ ಎಂದು ಹ್ಯುನ್ ಶಿನ್ 1990ರ ದಶಕದ ಆರಂಭದಲ್ಲಿ ವಿವರಿಸಿ, ಅದಕ್ಕೆ ತಕ್ಕ ಲೆಕ್ಕವನ್ನೂ ಕೊಟ್ಟರು. ಸಾಧ್ಯತೆಗಳನ್ನು ಒಂದೇ ಘಾತಕ್ಕೆ ಏರಿಸಿ ಮೊತ್ತವನ್ನು ಒಂದಕ್ಕೆ ತರುವ ಇನ್ನೊಂದು ವಿಧಾನವೂ ಬಳಕೆಯಲ್ಲಿದೆ. ನಮ್ಮ ಅ–ಬ ಪಂದ್ಯದಲ್ಲಿ ಈ ಘಾತ ವಿಧಾನ 67ರ ಬದಲು 70 ಕೊಡುತ್ತದೆ, ಅಷ್ಟೇ. ಆದರೆ ದರ 1.10, 10, 26 ಎಂದಿರುವ ಏಕಪಕ್ಷೀಯ ಪಂದ್ಯದಲ್ಲಿ ಸಮಪ್ರಮಾಣದ ಲೆಕ್ಕ 414 ಅಂಕದ ಅಂತರ ಹೇಳಿದರೆ, ಘಾತದ ಲೆಕ್ಕ 467 ಹೇಳುತ್ತದೆ. ಅಗ್ರ ತಂಡಗಳ ರೇಟಿಂಗ್ ಕಾರಣವಿಲ್ಲದೆ ತಗ್ಗಿ ಕಂಡರೆ ನಾನು ಮೊದಲು ಶಂಕಿಸುವುದು ಈ ಹಂತವನ್ನೇ.

ಒಂದು ಪಂದ್ಯ ಕೊಡುವುದು ಎರಡು ತಂಡಗಳ ಅಂತರವನ್ನು ಮಾತ್ರ. ರೇಟಿಂಗ್ ಬೇಕಾದರೆ ಹಲವು ಪಂದ್ಯಗಳನ್ನು ಹೆಣೆಯಬೇಕು. ಇನ್ನೆರಡು ಪಂದ್ಯಗಳ ದರದಿಂದ, ತವರಿನ 60 ಕಳೆದ ಮೇಲೆ, ‘ಬ’ ತಂಡ ‘ಕ’ಗಿಂತ 104 ಅಂಕ ಮೇಲೆ, ‘ಅ’ ತಂಡ ‘ಕ’ಗಿಂತ 140 ಮೇಲೆ ಎಂದು ಬಂತೆನ್ನಿ. 7 ಮತ್ತು 104 ಕೂಡಿದರೆ 111, ಆದರೆ ನೇರ ದರ 140 ಎನ್ನುತ್ತದೆ. ಈ 29ರ ಹೊಂದಾಣಿಕೆಯಿಲ್ಲದ ಭಾಗವನ್ನು ಕನಿಷ್ಠ ವರ್ಗ ವಿಧಾನ ಮೂರೂ ಪಂದ್ಯಗಳಿಗೆ ಹಂಚುತ್ತದೆ. ಸರಾಸರಿಯನ್ನು 1500 ಎಂದಿಟ್ಟರೆ ಅ 1549, ಬ 1532, ಕ 1419. ಆ 29 ಅಂಕ ಬರಿಯ ಗದ್ದಲ ಇರಬಹುದು. ಒಂದು ಪಂದ್ಯಕ್ಕೆ ಮುಂಚೂಣಿ ಆಟಗಾರನಿಗೆ ಗಾಯವಾಗಿರಬಹುದು, ಅಥವಾ ಸೀಸನ್ ಕೊನೆಯಲ್ಲಿ ಒಂದು ತಂಡಕ್ಕೆ ಗೆಲುವಿನ ಅಗತ್ಯವೇ ಇಲ್ಲದಿರಬಹುದು. ದರ ಹೇಳುವುದು ಆ ದಿನದ ತಂಡದ ಬಲವನ್ನು, ನಾವು ಬಯಸುವುದು ಇಡೀ ಸೀಸನ್ನಿನ ಬಲವನ್ನು.

ಪಂದ್ಯದ ದರವೇ ಇಲ್ಲದೆ, ಟೂರ್ನಿ ಗೆಲ್ಲುವ ದರ ಮಾತ್ರ ಇದ್ದಾಗ ಏನು ಮಾಡಬೇಕು? ಲೈಟ್ನರ್, ಜೈಲೈಸ್ ಮತ್ತು ಹಾರ್ನಿಕ್ 2008ರ ಯೂರೊ ಕಪ್‌ಗೆ ಕೊಟ್ಟ ಉತ್ತರ ನನಗೆ ಈ ಕ್ಷೇತ್ರದ ಅತ್ಯಂತ ಚೆಲುವಾದ ಕೆಲಸವಾಗಿ ಕಾಣುತ್ತದೆ. ಒಂದು ತಂಡದ ಟೂರ್ನಿ ದರದಲ್ಲಿ ಅದರ ಬಲ ಮಾತ್ರವಲ್ಲ, ಗುಂಪು ಹಂಚಿಕೆಯಲ್ಲಿ ಅದಕ್ಕೆ ಸಿಕ್ಕ ಅದೃಷ್ಟವೂ ಬೆರೆತಿರುತ್ತದೆ. ಅವರು ಹಲವು ಬುಕ್ಕಿಗಳ ದರವನ್ನು ಒಟ್ಟುಗೂಡಿಸಿ, ತಂಡಗಳಿಗೆ ಅಂದಾಜು ಬಲ ಕೊಟ್ಟು, ಇಡೀ ಟೂರ್ನಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಆಡಿಸಿದರು. ಲೆಕ್ಕದಲ್ಲಿ ಬಂದ ಗೆಲ್ಲುವ ಸಾಧ್ಯತೆ ಬುಕ್ಕಿಗಳ ದರಕ್ಕೆ ಹೊಂದುವವರೆಗೆ ಆ ಬಲಗಳನ್ನು ತಿದ್ದುತ್ತಾ ಹೋದರು. ಹಾಗೆ ಹಂಚಿಕೆಯ ಅದೃಷ್ಟ ಬೇರ್ಪಟ್ಟು ಬಲ ಉಳಿಯಿತು. ಜರ್ಮನಿ–ಸ್ಪೇನ್ ಫೈನಲ್ ಎಂದು ಅವರ ಲೆಕ್ಕ ಹೇಳಿತು, ಹಾಗೇ ಆಯಿತು. ಒಂದು ಟೂರ್ನಿಯ ಯಶಸ್ಸು ಸಾಕ್ಷ್ಯವಾಗಿ ದುರ್ಬಲ ಎಂಬುದೂ ನಿಜ. ದೂರದ ತಂಡಗಳ ವಿಷಯದಲ್ಲಂತೂ ಟೂರ್ನಿ ದರವನ್ನು ಎಚ್ಚರದಿಂದ ಓದಬೇಕು: 2015-16ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಲೆಸ್ಟರ್ ಸಿಟಿಗೆ ಸೀಸನ್ ಆರಂಭದಲ್ಲಿ ಇದ್ದ ದರ ಒಂದಕ್ಕೆ 5000.

2018ರಲ್ಲಿ ವುಂಡರ್‌ಲಿಶ್ ಮತ್ತು ಮೆಮ್ಮರ್ಟ್ ಇನ್ನೂ ಮುಂದೆ ಹೋದರು. ಈಲೋ ಪದ್ಧತಿಯಲ್ಲಿ ಪಂದ್ಯ ಮುಗಿದ ಮೇಲೆ ಗೆಲುವಿಗೆ 1, ಡ್ರಾಕ್ಕೆ 0.5, ಸೋಲಿಗೆ 0 ಹಾಕಿ ರೇಟಿಂಗ್ ತಿದ್ದುತ್ತಾರಲ್ಲ, ಆ ಜಾಗದಲ್ಲಿ ಅವರು ದರದಿಂದ ಬಂದ ನಿರೀಕ್ಷಿತ ಅಂಕವನ್ನೇ ಇಟ್ಟರು. ರೇಟಿಂಗ್ 0.55 ಎಂದು ನಿರೀಕ್ಷಿಸಿದ್ದಲ್ಲಿ ದರ 0.595 ಎಂದರೆ, ತಂಡ ಸೋತರೂ ಅದರ ರೇಟಿಂಗ್ ಏರುತ್ತದೆ. ಫಲಿತಾಂಶವನ್ನೇ ನೋಡದ ಈ ರೇಟಿಂಗ್, ಫಲಿತಾಂಶ ಮತ್ತು ಗೋಲು ನೋಡುವ ರೇಟಿಂಗ್‌ಗಳಿಗಿಂತ ಚೆನ್ನಾಗಿ ಮುನ್ನೋಟ ಕೊಟ್ಟಿತು.

ಇನ್ನು ದರದಿಂದ ತೆಗೆದ ರೇಟಿಂಗ್ ಮತ್ತು ನಮ್ಮದೇ ರೇಟಿಂಗ್‌ಗಳ ಹೋಲಿಕೆ. ನಮ್ಮದೇ ಲೆಕ್ಕದಲ್ಲಿ ಅ 1560, ಬ 1490, ಕ 1450 ಎನ್ನಿ. ಮೊದಲು ಎರಡೂ ಪಟ್ಟಿಗಳ ಸರಾಸರಿ ಮತ್ತು ಹರವು ಒಂದೇ ಇರಬೇಕು, ಇಲ್ಲವಾದರೆ ನಿಧಾನವಾಗಿ ಬದಲಾಗುವ ನಮ್ಮ ರೇಟಿಂಗ್ ಬಲಿಷ್ಠ ತಂಡಗಳನ್ನೆಲ್ಲ ತಗ್ಗಿಸಿದಂತೆ ಕಾಣುತ್ತದೆ. ಕೆಳ ಲೀಗಿನಿಂದ ಆ ವರ್ಷ ಬಡ್ತಿ ಪಡೆದ ತಂಡಗಳನ್ನು ಬೇರೆಯಾಗಿ ನೋಡಬೇಕು, ಏಕೆಂದರೆ ಅವುಗಳ ಹಳೆಯ ಅಂಕಿ ಬೇರೊಂದು ಲೀಗಿನದು. ಇವೆರಡೂ ಕಾರಣವಲ್ಲದಿದ್ದರೆ ಅತಿ ದೊಡ್ಡ ನಿಜವಾದ ಭಿನ್ನಮತ ‘ಬ’ ತಂಡದ 42 ಅಂಕ. ಒಂದೇ ವಾರ ಕಂಡು ಮರೆಯಾದರೆ ಅದು ಗಾಯದ ಸುದ್ದಿ ಇದ್ದೀತು. ತಿಂಗಳುಗಟ್ಟಲೆ ಉಳಿದರೆ ಮಾರುಕಟ್ಟೆಗೆ ಕಾಣುವ ಯಾವುದೋ ನಮ್ಮ ಲೆಕ್ಕಕ್ಕೆ ಕಾಣುತ್ತಿಲ್ಲ. ಹಲವು ಅವಕಾಶ ಸೃಷ್ಟಿಸಿಯೂ ಗೋಲು ಬಾರದೆ ಸೋತ ತಂಡ ಇದಕ್ಕೆ ಮಾಮೂಲಿ ಉದಾಹರಣೆ.

ನಮ್ಮ ಅಂಕಿಯಲ್ಲಿ ಹೊಸ ಮಾಹಿತಿ ಇದೆಯೇ ಎಂಬುದನ್ನು ನೂರಾರು ಪಂದ್ಯಗಳ ಫಲಿತಾಂಶವೇ ಹೇಳಬೇಕು. ಮಾರುಕಟ್ಟೆಯ ಅಂತರವನ್ನೂ, ನಮ್ಮದು ಅದರಿಂದ ಎಷ್ಟು ಬೇರೆ ಎಂಬುದನ್ನೂ ಒಟ್ಟಿಗೆ ಇಟ್ಟು ರಿಗ್ರೆಶನ್ ಮಾಡಿದಾಗ ಎರಡನೆಯದರ ತೂಕ ಸೊನ್ನೆಯ ಹತ್ತಿರ ಬಂದರೆ, ದರಕ್ಕೆ ತಿಳಿಯದ್ದು ನಮಗೂ ತಿಳಿದಿಲ್ಲ. ಪಂದ್ಯ ಶುರುವಾಗುವ ಮುನ್ನಿನ ಕೊನೆಯ ದರ ಬಳಸಿದರೆ ಈ ಪರೀಕ್ಷೆ ಅತ್ಯಂತ ಕಠಿಣ. ಪ್ರೀಮಿಯರ್ ಲೀಗಿನ ಒಂದು ಸೀಸನ್ನಿನಲ್ಲಿ 380 ಪಂದ್ಯಗಳಷ್ಟೇ, ಆದ್ದರಿಂದ ಒಂದೇ ಸೀಸನ್ನಿನ ಉತ್ತರ ಅಲುಗಾಡುತ್ತಲೇ ಇರುತ್ತದೆ. ತೂಕ 0.2 ಬಂತೆಂದರೆ ‘ಬ’ದ 42ರಲ್ಲಿ ನಾವು ಹಿಡಿದುಕೊಳ್ಳಬಹುದಾದದ್ದು 8, ಅಂದರೆ 1532ರಿಂದ 1524ಕ್ಕೆ; ‘ಅ’ ಏರುವುದು 2 ಅಂಕ. ನಮ್ಮದೇ ಪಟ್ಟಿ ಅ–ಬ ಪಂದ್ಯದಲ್ಲಿ ‘ಅ’ಕ್ಕೆ 0.68 ಕೊಡುತ್ತಿತ್ತು, ಈಗ ಅದು 0.62. ದರದ 0.595ರಿಂದ ಎಂಟು ಶೇಕಡಾಂಶಕ್ಕೂ ಹೆಚ್ಚು ದೂರವಿದ್ದ ನಮ್ಮ ಅಂದಾಜು ಈಗ ಮೂರಕ್ಕಿಂತ ಕಡಿಮೆ ಅಂತರದಲ್ಲಿದೆ.