ಪ್ಲಸ್ ಸೈಜಿಂಗ್

ಕಾರಿಗೆ ಮೂಲಕ್ಕಿಂತ ದೊಡ್ಡ ಅಲಾಯ್ ಚಕ್ರ ಹಾಕಿ, ಟೈರಿನ ಪಕ್ಕದ ಗೋಡೆಯ ಎತ್ತರವನ್ನು ಅದಕ್ಕೆ ತಕ್ಕಂತೆ ತಗ್ಗಿಸಿ, ಒಟ್ಟು ವ್ಯಾಸವನ್ನು ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಸಿಕೊಳ್ಳುವ ವಿಧಾನ. ಚಕ್ರ ಒಂದು ಇಂಚು ದೊಡ್ಡದಾದರೆ ‘ಪ್ಲಸ್ ಒನ್’, ಎರಡಾದರೆ ‘ಪ್ಲಸ್ ಟೂ’.

185/65 R15 ಟೈರನ್ನೇ ನೋಡೋಣ. 185 ಎಂಬುದು ಮಿಲಿಮೀಟರ್‌ಗಳಲ್ಲಿ ಅಗಲ; ಅದರ ಶೇ. 65, ಅಂದರೆ ಸುಮಾರು 120 ಮಿ.ಮೀ., ಪಕ್ಕದ ಗೋಡೆಯ ಎತ್ತರ. ಮೇಲೆ ಕೆಳಗೆ ಎರಡೂ ಗೋಡೆ ಸೇರಿಸಿ, 15 ಇಂಚಿನ ರಿಮ್‌ನ 381 ಮಿ.ಮೀ. ಕೂಡಿದರೆ ಒಟ್ಟು ವ್ಯಾಸ 621.5 ಮಿ.ಮೀ. ಇದಕ್ಕೆ ಬದಲಾಗಿ 195/55 R16 ಹಾಕಿದರೆ 620.9 ಮಿ.ಮೀ. ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ. ಅದೇ 195/65 R16 ಹಾಕಿದರೆ ವ್ಯಾಸ ಶೇ. 6ರಷ್ಟು ಹಿಗ್ಗುತ್ತದೆ, ಸ್ಪೀಡೋಮೀಟರ್ ಮೊದಲು ಸರಿಯಾಗಿದ್ದಿದ್ದರೆ, ಈಗ 80 ತೋರಿಸುವಾಗ ಕಾರು 85ರಲ್ಲಿ ಓಡುತ್ತಿರುತ್ತದೆ.

ಗೋಡೆ ಗಿಡ್ಡವಾದಷ್ಟೂ ತಿರುವಿನಲ್ಲಿ ಟೈರು ಕಡಿಮೆ ಬಳುಕುತ್ತದೆ, ಸ್ಟೀರಿಂಗ್‌ಗೆ ಕಾರು ಚುರುಕಾಗಿ ಸ್ಪಂದಿಸುತ್ತದೆ. ಆದರೆ ಗುಂಡಿಯ ಹೊಡೆತವನ್ನು ನುಂಗುವುದೂ ಅದೇ ಗೋಡೆ. ಅದು ಗಿಡ್ಡವಾದಾಗ ಪೆಟ್ಟು ರಿಮ್‌ಗೆ ತಗಲುತ್ತದೆ. ಪಕ್ಕದಲ್ಲಿ ಮೊಟ್ಟೆಯಂಥ ಉಬ್ಬು ಕಂಡರೆ ಒಳಗಿನ ದಾರಗಳು ತುಂಡಾಗಿವೆ ಎಂದರ್ಥ. ಆ ಟೈರನ್ನು ಕೂಡಲೇ ಬದಲಿಸಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಉಜ್ಜುವ ಸದ್ದು ಬಂದರೆ ಟೈರಿನ ಅಗಲವೋ ರಿಮ್‌ನ ಆಫ್‌ಸೆಟ್ಟೋ ಹೊಂದಿಲ್ಲ.

ವ್ಯಾಸ ಹೊಂದಿದ ಮಾತ್ರಕ್ಕೆ ಟೈರು ಯೋಗ್ಯವಾಗದು. ಮೂಲ ಟೈರಿನ ಭಾರಸೂಚ್ಯಂಕ 88, ಅಂದರೆ 560 ಕೆ.ಜಿ. ಇದ್ದಾಗ, 545 ಕೆ.ಜಿ. ಹೊರುವ 87ರ ಟೈರನ್ನು ಹಾಕಿಸಬಾರದು.