ಓವರ್‌ಹೆಡ್ ಯಾರ ಲೆಕ್ಕಕ್ಕೆ?

ಒಂದು ಬಿಡಿಭಾಗಕ್ಕೆ ಎಷ್ಟು ಉಕ್ಕು ಹೋಯಿತು, ಅದರ ಮೇಲೆ ಕೆಲಸ ಮಾಡಿದವನ ಕೂಲಿ ಎಷ್ಟು ಬಿತ್ತು ಎಂಬುದನ್ನು ಸ್ಟೋರ್ಸ್ ಚೀಟಿ ಮತ್ತು ಜಾಬ್ ಕಾರ್ಡ್ ನೋಡಿ ಹೇಳಬಹುದು. ತಕರಾರು ಹುಟ್ಟುವುದು ಮಿಕ್ಕ ಖರ್ಚಿನಲ್ಲಿ. ಮಷೀನಿನ ಸವಕಳಿ, ಕರೆಂಟ್ ಬಿಲ್ಲು, ಸೆಟ್ಟರ್‌ಗಳ ಸಂಬಳ, ತಪಾಸಣೆ, ಸ್ಟೋರ್ಸು, ಶೆಡ್ಡಿನ ಬಾಡಿಗೆ ಇವೆಲ್ಲ ಯಾವುದೇ ಒಂದು ಮಾಲಿಗೆ ಸೇರಿದವಲ್ಲ, ಆದರೂ ಎಲ್ಲ ಮಾಲಿನ ದರದಿಂದಲೇ ಹುಟ್ಟಬೇಕು. ಈ ಓವರ್‌ಹೆಡ್ ಹಂಚಿಕೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಶುರುವಿನಲ್ಲೇ ಸಿಕ್ಕಿದ್ದ ಎರಡು ಒಳ್ಳೆಯ ವಿಚಾರಗಳನ್ನು ಕೈಬಿಟ್ಟು, ಬಹಳ ಸುತ್ತಾಡಿ ಮತ್ತೆ ಅವುಗಳ ಬಳಿಗೇ ಬಂದ ಇತಿಹಾಸ ಅದು ಎಂದು ನನಗನಿಸುತ್ತದೆ.

ಆ ಎರಡೂ ವಿಚಾರಗಳನ್ನು ಸ್ಪಷ್ಟವಾಗಿ ಹೇಳಿದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಚರ್ಚ್ ಎಂಬ ಇಂಗ್ಲಿಷ್ ಎಂಜಿನಿಯರ್. 1901ರಲ್ಲಿ ಅವನು ‘ಎಂಜಿನಿಯರಿಂಗ್ ಮ್ಯಾಗಜೀನ್’ನಲ್ಲಿ ಕಾರ್ಖಾನೆಯ ಮೇಲುಖರ್ಚಿನ ಹಂಚಿಕೆಯ ಬಗ್ಗೆ ಲೇಖನಮಾಲೆ ಬರೆದ. ಕೂಲಿಯ ಮೇಲೆ ಇಷ್ಟು ಶೇಕಡಾ ಎಂದು ಓವರ್‌ಹೆಡ್ ಸೇರಿಸುವುದು ಆಗಿನ ವಾಡಿಕೆ. ದೊಡ್ಡ ದುಬಾರಿ ಮಷೀನಿನ ಮುಂದೆ ನಿಂತವನಿಗೂ ಬೆಂಚಿನ ಮೇಲೆ ಅರ ಹಾಕುವವನಿಗೂ ಕೂಲಿ ಒಂದೇ ಆಗಿದ್ದರೆ, ಇಬ್ಬರ ಕೆಲಸಕ್ಕೂ ಒಂದೇ ಓವರ್‌ಹೆಡ್ ಬೀಳುತ್ತಿತ್ತು. ಪ್ರತಿ ಮಷೀನನ್ನೂ ಒಂದು ಪುಟ್ಟ ಅಂಗಡಿ ಎಂದು ಭಾವಿಸಿ, ಅದರ ಜಾಗ, ಶಕ್ತಿ, ಸವಕಳಿಗೆ ತಕ್ಕ ಗಂಟೆಯ ದರವನ್ನು ಕಟ್ಟಬೇಕು ಎಂದ ಚರ್ಚ್. ಇದು ಮೊದಲ ವಿಚಾರ. ಪೀಣ್ಯದಲ್ಲಿ ಇವತ್ತು ಜಾಬ್ ವರ್ಕ್‌ಗೆ ಹೇಳುವ ‘ಮಷೀನ್ ಅವರ್ ರೇಟ್’ ಇದೇ ವಂಶದ್ದು. ಎರಡನೆಯದು, ಮಷೀನ್ ಸುಮ್ಮನೆ ನಿಂತ ಹೊತ್ತಿನ ಖರ್ಚನ್ನು ಈ ದರದಲ್ಲಿ ಬೆರೆಸದೆ ಬೇರೆಯೇ ಒಂದು ಪೂರಕ ದರವಾಗಿ ತೋರಿಸುವುದು. ಆ ದರ ಏರಿದರೆ ಕಾರ್ಖಾನೆ ಸರಿಯಾಗಿ ಓಡುತ್ತಿಲ್ಲ ಎಂದರ್ಥ. ಹೆನ್ರಿ ಗ್ಯಾಂಟ್ 1915ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮಾಲು ತಯಾರಿಸಲು ಬೇಕಾದ ಖರ್ಚು ಮಾತ್ರ ಮಾಲಿನದು, ನಿಂತ ಮಷೀನಿನ ಖರ್ಚು ಮಾಲೀಕನ ನಷ್ಟ ಎಂಬುದು ಅವನ ವಾದ.

ಆದರೂ ಅಮೆರಿಕದಲ್ಲಿ ಗೆದ್ದದ್ದು ಸರಳ ದರವೇ. ವರ್ಷದ ಓವರ್‌ಹೆಡ್ಡನ್ನು ಒಟ್ಟು ಕೂಲಿ ಗಂಟೆಗಳಿಂದ ಭಾಗಿಸಿದರೆ ಇಡೀ ಕಾರ್ಖಾನೆಗೆ ಒಂದು ದರ ಸಿಗುತ್ತದೆ. ಕೈಲೆಕ್ಕದ ಕಾಲದಲ್ಲಿ ಅಷ್ಟು ಅಗ್ಗದ ವಿಧಾನ ಬೇರೆ ಇರಲಿಲ್ಲ. ಥಾಮಸ್ ಜಾನ್ಸನ್ ಮತ್ತು ರಾಬರ್ಟ್ ಕಪ್ಲಾನ್ 1987ರ ತಮ್ಮ ‘ರೆಲೆವೆನ್ಸ್ ಲಾಸ್ಟ್’ ಪುಸ್ತಕದಲ್ಲಿ ಇನ್ನೊಂದು ಕಾರಣ ಕೊಟ್ಟರು. ಆಸ್ತಿ-ಹೊಣೆ ಪಟ್ಟಿಗೆ ಬೇಕಾದದ್ದು ದಾಸ್ತಾನಿನ ಒಟ್ಟು ಬೆಲೆ. ಒಂದು ಮಾಲಿನ ಮೇಲೆ ಜಾಸ್ತಿ, ಇನ್ನೊಂದರ ಮೇಲೆ ಕಡಿಮೆ ಬಿದ್ದರೂ ಒಟ್ಟಿನಲ್ಲಿ ಸರಿಹೋಗುತ್ತದೆ, ಆಡಿಟರ್ ಆಕ್ಷೇಪಿಸುವುದಿಲ್ಲ. ಈ ವಾದವನ್ನು ಒಪ್ಪದ ಇತಿಹಾಸಕಾರರಿದ್ದಾರೆ, ನನಗಂತೂ ಅದರಲ್ಲಿ ಹುರುಳಿದೆ ಎನಿಸುತ್ತದೆ. ನಮ್ಮ ದೇಶದ ದಾಸ್ತಾನು ಲೆಕ್ಕದ ಮಾನದಂಡ ಎಎಸ್-2 ಕೂಡ ಸ್ಥಿರ ಓವರ್‌ಹೆಡ್ಡನ್ನು ಸಾಮಾನ್ಯ ಉತ್ಪಾದನಾ ಸಾಮರ್ಥ್ಯದ ಮೇಲೆ ಹಂಚಬೇಕು, ಉಳಿದದ್ದನ್ನು ಆ ವರ್ಷದ ಖರ್ಚಿಗೆ ಬರೆಯಬೇಕು ಎನ್ನುತ್ತದೆ. ಇದರಲ್ಲಿ ಗ್ಯಾಂಟ್ ಅರ್ಧ ಗೆದ್ದಿದ್ದಾನೆ. ಆದರೆ ಒಂದೇ ದರ ಸಾಲದು ಎಂದು ಅದು ಎಲ್ಲೂ ಹೇಳುವುದಿಲ್ಲ.

ಸರಳ ದರದ ಬಣ್ಣ ಬಯಲಾದದ್ದು 1980ರ ದಶಕದಲ್ಲಿ. ಯಂತ್ರೀಕರಣದಿಂದ ಕೂಲಿ ಕುಗ್ಗಿ ಓವರ್‌ಹೆಡ್ ಹಿಗ್ಗಿತ್ತು, ಪುಟ್ಟ ತಳಪಾಯದ ಮೇಲೆ ದೊಡ್ಡ ಮೊತ್ತ ಕೂತಿತ್ತು. 1985ರಲ್ಲಿ ಜೆಫ್ರಿ ಮಿಲ್ಲರ್ ಮತ್ತು ಥಾಮಸ್ ವೊಲ್ಮನ್ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ನಲ್ಲಿ ಬರೆದ ಲೇಖನ ಈ ಓವರ್‌ಹೆಡ್ ಎಲ್ಲಿಂದ ಬರುತ್ತದೆ ಎಂದು ಕೇಳಿತು. ಮಾಲಿನ ಸಂಖ್ಯೆಯಿಂದಲ್ಲ, ಮಾಲನ್ನು ಸುತ್ತಿಕೊಂಡ ವಹಿವಾಟುಗಳಿಂದ ಎಂಬುದು ಅವರ ಉತ್ತರ. ಆರ್ಡರ್ ಬರೆಯುವುದು, ಸಾಮಗ್ರಿ ಸಾಗಿಸುವುದು, ತಪಾಸಣೆ ಮಾಡುವುದು, ಡ್ರಾಯಿಂಗ್ ಬದಲಿಸುವುದು ಇಂಥವೇ ಖರ್ಚನ್ನು ಹುಟ್ಟಿಸುತ್ತವೆ.

ಅದೇ ಹೊತ್ತಿಗೆ ಅಯೋವಾದ ವಾಟರ್ಲೂನಲ್ಲಿ ಟ್ರ್ಯಾಕ್ಟರ್ ಕಂಪನಿ ಜಾನ್ ಡಿಯರ್‌ನ ಬಿಡಿಭಾಗ ಕಾರ್ಖಾನೆ ಇಕ್ಕಟ್ಟಿನಲ್ಲಿತ್ತು. ಕೃಷಿ ಯಂತ್ರಗಳ ಮಾರಾಟ ಕುಸಿದಿತ್ತು, ಮಷೀನ್‌ಗಳು ಖಾಲಿ ನಿಂತಿದ್ದವು, ತನ್ನದೇ ಕಂಪನಿಯ ಆರ್ಡರ್‌ಗೂ ಹೊರಗಿನವರೊಂದಿಗೆ ಪೈಪೋಟಿಗಿಳಿದು ದರ ಹಾಕಬೇಕಾಗಿತ್ತು. ದೊಡ್ಡ ಸಂಖ್ಯೆಯಲ್ಲಿ ಬೇಕಾದ ಭಾಗಗಳು ಕೈತಪ್ಪಿ, ಸಣ್ಣ ಸಂಖ್ಯೆಯವು ಗೆದ್ದು ಬರುತ್ತಿದ್ದವು. ಅಲ್ಲಿನ ಲೆಕ್ಕಿಗರು ಓವರ್‌ಹೆಡ್ಡನ್ನು ಏಳು ಚಟುವಟಿಕೆಗಳಾಗಿ ಬಿಡಿಸಿ ಪ್ರತಿಯೊಂದಕ್ಕೂ ಅದರದೇ ಅಳತೆ ಇಟ್ಟರು. ಚಟುವಟಿಕೆ ಆಧಾರಿತ ವೆಚ್ಚ ಲೆಕ್ಕ, ಅಂದರೆ ಎಬಿಸಿ, ಹೆಸರು ಮಾಡಿದ್ದು ಇಂಥ ಪ್ರಕರಣಗಳ ಬಗ್ಗೆ ಹಾರ್ವರ್ಡ್‌ನ ರಾಬಿನ್ ಕೂಪರ್ ಮತ್ತು ಕಪ್ಲಾನ್ ಅವರ ಬರಹಗಳಿಂದ. ಖರ್ಚಿಗೆ ನಾಲ್ಕು ಮಟ್ಟಗಳಿವೆ ಎಂದು ಕೂಪರ್ ಮುಂದೆ ಸೇರಿಸಿದರು: ಪ್ರತಿ ಪೀಸಿಗೆ ಬೀಳುವುದು, ಪ್ರತಿ ಬ್ಯಾಚಿಗೆ ಬೀಳುವುದು, ಆ ಮಾಲು ಪಟ್ಟಿಯಲ್ಲಿದೆ ಎಂಬ ಕಾರಣಕ್ಕೇ ಬೀಳುವುದು, ಕಾರ್ಖಾನೆ ಇದೆ ಎಂಬ ಕಾರಣಕ್ಕೆ ಬೀಳುವುದು. ಒಂದೇ ದರದ ಲೆಕ್ಕ ನಾಲ್ಕನ್ನೂ ಮೊದಲನೆಯದೆಂದು ತಿಳಿಯುತ್ತದೆ. ತಪ್ಪಿನ ಬೇರು ಇಲ್ಲಿದೆ.

ತಪ್ಪು ಎಷ್ಟು ದೊಡ್ಡದಾಗಬಹುದು ಎಂದು ನೋಡಲು ಒಂದು ಮಷೀನ್ ಶಾಪ್ ಕಲ್ಪಿಸಿಕೊಳ್ಳೋಣ. ವರ್ಷಕ್ಕೆ 40,000 ಪಂಪ್ ಶಾಫ್ಟ್, ಪೀಸಿಗೆ ಅರ್ಧ ಗಂಟೆ. ಜೊತೆಗೆ 4,000 ವಿಶೇಷ ವಾಲ್ವ್ ಬಾಡಿ, ಪೀಸಿಗೆ ಒಂದು ಗಂಟೆ. ಒಟ್ಟು 24,000 ಗಂಟೆ, ಓವರ್‌ಹೆಡ್ 96 ಲಕ್ಷ ರೂಪಾಯಿ, ಹಾಗಾಗಿ ಗಂಟೆಗೆ 400. ಶಾಫ್ಟಿನ ಮೇಲೆ 200, ವಾಲ್ವಿನ ಮೇಲೆ 400 ರೂಪಾಯಿ ಬೀಳುತ್ತದೆ.

ಈಗ 96 ಲಕ್ಷವನ್ನು ಬಿಡಿಸೋಣ. ಮಷೀನ್ ಓಡಿಸುವ ಖರ್ಚು 48 ಲಕ್ಷ, ಇದು ಗಂಟೆಗಳ ಪ್ರಕಾರವೇ ಹೋಗಲಿ: ಶಾಫ್ಟಿಗೆ 40, ವಾಲ್ವಿಗೆ 8. ಸೆಟ್ಟಿಂಗ್ ಖರ್ಚು 18 ಲಕ್ಷ. ಶಾಫ್ಟ್ 400ರ ಬ್ಯಾಚಿನಲ್ಲಿ ಓಡುವುದರಿಂದ ವರ್ಷಕ್ಕೆ 100 ಸೆಟ್ಟಿಂಗ್ ಸಾಕು. ವಾಲ್ವ್ ಇಪ್ಪತ್ತಿಪ್ಪತ್ತರಂತೆ ಓಡುವುದರಿಂದ 200 ಬೇಕು. ಸೆಟ್ಟಿಂಗಿಗೆ 6,000 ರೂಪಾಯಿಯಂತೆ ಶಾಫ್ಟಿಗೆ 6 ಲಕ್ಷ, ವಾಲ್ವಿಗೆ 12. ತಪಾಸಣೆಯ 9 ಲಕ್ಷದಲ್ಲಿ ಮೂರನೇ ಎರಡು ಪಾಲು, ಖರೀದಿ ಮತ್ತು ಸ್ಟೋರ್ಸಿನ 12 ಲಕ್ಷದಲ್ಲಿ 7.2 ಲಕ್ಷ ವಾಲ್ವಿನ ಕೆಲಸಕ್ಕೇ ಹೋಗುತ್ತದೆ ಎನ್ನಿ. ಉಳಿದ 9 ಲಕ್ಷ ಬಾಡಿಗೆ, ಕಾವಲು, ಮ್ಯಾನೇಜರ್ ಸಂಬಳ. ಇದಕ್ಕೆ ನ್ಯಾಯವಾದ ಅಳತೆಯೇ ಇಲ್ಲ, ಗಂಟೆಗಳ ಮೇಲೆ ಹರಡೋಣ. ಕೂಡಿದರೆ ಶಾಫ್ಟಿಗೆ 61.3 ಲಕ್ಷ, ವಾಲ್ವಿಗೆ 34.7 ಲಕ್ಷ. ಪೀಸಿಗೆ 153 ರೂಪಾಯಿ ಚಿಲ್ಲರೆ, ಮತ್ತು 867 ಚಿಲ್ಲರೆ.

ಶಾಫ್ಟಿನ ಮೇಲೆ ಹೆಚ್ಚಾಗಿ ಬೀಳುತ್ತಿದ್ದುದು ಸುಮಾರು 47 ರೂಪಾಯಿ. ವಾಲ್ವಿನ ಮೇಲೆ ಬೀಳದೆ ಉಳಿದದ್ದು ಅದರ ಹತ್ತರಷ್ಟು. ಎರಡೂ ಕಡೆಯ ಒಟ್ಟು ಒಂದೇ, 18.7 ಲಕ್ಷ, ಆದರೆ ಅದನ್ನು ಕೊಡುವವರು ನಲವತ್ತು ಸಾವಿರ, ಪಡೆಯುವವರು ನಾಲ್ಕು ಸಾವಿರ. ಆದ್ದರಿಂದಲೇ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಶಾಫ್ಟ್ ‘ಸ್ವಲ್ಪ ದುಬಾರಿ’ ಎನಿಸುತ್ತದೆ ಅಷ್ಟೆ. ಸಾಮಗ್ರಿ ಮತ್ತು ಕೂಲಿ ಸೇರಿ ವಾಲ್ವಿಗೆ 700 ರೂಪಾಯಿ ಆಗುತ್ತಿದ್ದು, 1,300ಕ್ಕೆ ಮಾರುತ್ತಿದ್ದರೆ ಹಳೆಯ ಲೆಕ್ಕದಲ್ಲಿ ಪೀಸಿಗೆ 200 ಲಾಭ, ಹೊಸ ಲೆಕ್ಕದಲ್ಲಿ 267 ನಷ್ಟ. ಸೇಲ್ಸ್‌ನವರು ಸಂತೋಷದಿಂದ ಇನ್ನಷ್ಟು ವಾಲ್ವ್ ಆರ್ಡರ್ ತರುತ್ತಾರೆ.

ಅತ್ತ ಶಾಫ್ಟಿನ ಅರ್ಧ ಆರ್ಡರ್ ಕೈತಪ್ಪಿತು ಎನ್ನಿ. ಗಂಟೆಗಳು 14,000ಕ್ಕೆ ಇಳಿಯುತ್ತವೆ, ಆದರೆ ಸಂಬಳ, ಬಾಡಿಗೆ, ಸವಕಳಿ ಅಷ್ಟು ಇಳಿಯುವುದಿಲ್ಲ. ಓವರ್‌ಹೆಡ್ 84 ಲಕ್ಷಕ್ಕೆ ನಿಂತರೆ ದರ ಗಂಟೆಗೆ 600. ಮುಂದಿನ ಕೊಟೇಶನ್‌ನಲ್ಲಿ ಶಾಫ್ಟ್ ಇನ್ನೂ 100 ರೂಪಾಯಿ ದುಬಾರಿ, ಮಿಕ್ಕ ಗಿರಾಕಿಯೂ ಹೋಗುತ್ತಾನೆ. ಲೆಕ್ಕದ ಪುಸ್ತಕ ತೆರೆಯದೆಯೂ ಈ ರೋಗವನ್ನು ಗುರುತಿಸಬಹುದು. ದಿನವೂ ಓಡುವ ಸುಲಭದ ಮಾಲಿಗೆ ಪೈಪೋಟಿಯವರ ದರ ನಂಬಲಾಗದಷ್ಟು ಕಡಿಮೆ ಕಂಡರೆ, ಮತ್ತು ತೊಡಕಿನ ಮಾಲಿಗೆ ದರ ಏರಿಸಿದರೂ ಗಿರಾಕಿ ಚಕಾರವೆತ್ತದಿದ್ದರೆ, ಹಂಚಿಕೆಯಲ್ಲೇ ಐಬಿದೆ. ಯಾವ ಮಾಲು ತಲೆನೋವು ಎಂದು ಹಳೆಯ ಸೆಟ್ಟರನ್ನು ಕೇಳಿದರೂ ಉತ್ತರ ಸಿಗುತ್ತದೆ.

1990ರ ದಶಕದಲ್ಲಿ ಎಬಿಸಿ ಒಂದು ಅಲೆಯಾಗಿ ಹರಡಿತು, ಬಳಿಕ ಅನೇಕರು ಬಿಟ್ಟರು. ನೌಕರರನ್ನು ಕೂರಿಸಿ ಯಾವ ಕೆಲಸಕ್ಕೆ ಎಷ್ಟು ಶೇಕಡಾ ಹೊತ್ತು ಹೋಗುತ್ತದೆ ಎಂದು ಕೇಳಬೇಕಿತ್ತು, ಪ್ರತಿ ಬದಲಾವಣೆಗೂ ಮತ್ತೆ ಕೇಳಬೇಕಿತ್ತು. ಕೇಳಿಸಿಕೊಂಡವರೆಲ್ಲ ನೂರಕ್ಕೆ ನೂರು ಕೂಡಿಸಿ ಹೇಳುತ್ತಿದ್ದರು. ಸುಮ್ಮನೆ ಕೂತಿರುತ್ತೇನೆ ಎಂದು ಯಾರು ಹೇಳುತ್ತಾರೆ? ಚಟುವಟಿಕೆಗಳನ್ನು ಹೆಚ್ಚು ಒಡೆದಷ್ಟೂ ಲೆಕ್ಕ ನಿಖರವಾಗುತ್ತದೆ ಎಂಬ ನಂಬಿಕೆಯೂ ನಿಲ್ಲಲಿಲ್ಲ. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸುತ್ತಿದ್ದಾಗ ಅರ್ಧ ಮಾತ್ರ ತಿದ್ದಿದರೆ ಒಟ್ಟು ತಪ್ಪು ಹೆಚ್ಚಬಹುದು ಎಂದು ಶ್ರೀಕಾಂತ್ ದಾತಾರ್ ಮತ್ತು ಮಹೇಂದ್ರ ಗುಪ್ತಾ 1994ರಲ್ಲಿ ತೋರಿಸಿದರು.

ಕಪ್ಲಾನ್ ಅವರೇ ಸ್ಟೀವನ್ ಆ್ಯಂಡರ್ಸನ್ ಜೊತೆ 2004ರಲ್ಲಿ ತಿದ್ದುಪಡಿ ತಂದರು. ಶೇಕಡಾ ಕೇಳಬೇಡಿ, ಗಂಟೆ ಅಳೆಯಿರಿ. ನಮ್ಮ ಶಾಪಿನಲ್ಲಿ ಮೂವರು ಸೆಟ್ಟರ್‌ಗಳು, ರಜೆ ಮತ್ತು ಬಿಡುವು ಕಳೆದು ತಲಾ 1,500 ಗಂಟೆ ಕೆಲಸಕ್ಕೆ ಸಿಗುತ್ತಾರೆ ಎನ್ನಿ. 18 ಲಕ್ಷವನ್ನು 4,500 ಗಂಟೆಗೆ ಹಂಚಿದರೆ ಗಂಟೆಗೆ 400. ಬ್ಯಾಚ್ ಹಾದುಹೋಗುವ ಎಲ್ಲ ಮಷೀನ್ ಸೇರಿ ಶಾಫ್ಟಿನ ಸೆಟ್ಟಿಂಗಿಗೆ 9 ಗಂಟೆ, ವಾಲ್ವಿನದಕ್ಕೆ 12 ಗಂಟೆ ಆದರೆ, ಬಳಕೆಯಾದದ್ದು 900 ಮತ್ತು 2,400, ಒಟ್ಟು 3,300. ಮಿಕ್ಕ 1,200 ಗಂಟೆ, ಅಂದರೆ 4.8 ಲಕ್ಷ ರೂಪಾಯಿ, ಯಾವ ಮಾಲಿನದೂ ಅಲ್ಲ. ಮೊದಲಿನ ಎಬಿಸಿ ವಾಲ್ವಿನ ತಲೆಗೆ ಕಟ್ಟಿದ್ದ 12 ಲಕ್ಷ ಈಗ 9.6 ಆಗುತ್ತದೆ, ಪೀಸಿಗೆ 60 ರೂಪಾಯಿ ಇಳಿಯುತ್ತದೆ. ನಿಂತ ಹೊತ್ತನ್ನು ಬೇರೆ ತೋರಿಸು ಎಂಬ ಚರ್ಚ್‌ನ ಎರಡನೇ ವಿಚಾರ ಹೀಗೆ ನೂರು ವರ್ಷದ ಮೇಲೆ ಹೊಸ ಹೆಸರಿನಲ್ಲಿ ಬಂತು.

ಇಷ್ಟಾದರೂ ಒಂದು ಎಚ್ಚರ ಬೇಕು. ವಾಲ್ವ್ ನಷ್ಟದ ಮಾಲು ಎಂದು ನಾಳೆಯೇ ನಿಲ್ಲಿಸಿದರೆ 34.7 ಲಕ್ಷ ಉಳಿಯುವುದಿಲ್ಲ. ಸೆಟ್ಟರ್ ಸಂಬಳ, ಮಷೀನಿನ ಸವಕಳಿ, ಶೆಡ್ಡಿನ ಬಾಡಿಗೆ ಹಾಗೇ ಇರುತ್ತವೆ. ತಕ್ಷಣ ಉಳಿಯುವುದು ಕರೆಂಟು, ಟೂಲು, ಮತ್ತೊಂದಷ್ಟು. ಎಬಿಸಿ ಹೇಳುವುದು ಯಾರು ಎಷ್ಟು ಬಳಸಿದರು ಎಂಬುದನ್ನು, ಕೈಬಿಟ್ಟರೆ ಎಷ್ಟು ಉಳಿಯುತ್ತದೆ ಎಂಬುದನ್ನಲ್ಲ. ಮಾಲನ್ನು ಕೈಬಿಡುವುದಕ್ಕಿಂತ ಕೊಟೇಶನ್ ಬದಲಿಸುವುದೇ ಎಷ್ಟೋ ಸಲ ವಾಸಿ. ಸೆಟ್ಟಿಂಗ್ ಚಾರ್ಜನ್ನು ಬ್ಯಾಚಿಗೆ 4,800 ರೂಪಾಯಿ ಎಂದು ಬೇರೆ ಸಾಲಿನಲ್ಲಿ ಬರೆದರೆ, ಇಪ್ಪತ್ತರ ಬ್ಯಾಚಿನಲ್ಲಿ ಪೀಸಿಗೆ 240, ನೂರರ ಬ್ಯಾಚಿನಲ್ಲಿ 48 ಎಂಬುದು ಗಿರಾಕಿಗೇ ಕಾಣುತ್ತದೆ. ಅವನು ನೂರರಂತೆ ತರಿಸಿಕೊಳ್ಳಲು ಒಪ್ಪಿದರೆ 200 ಸೆಟ್ಟಿಂಗ್ 40ಕ್ಕೆ ಇಳಿಯುತ್ತದೆ, 1,920 ಗಂಟೆ ಬಿಡುವಾಗುತ್ತದೆ. ಆ ಗಂಟೆಗಳಿಗೆ ಹೊಸ ಆರ್ಡರ್ ಹುಡುಕುವವರೆಗೂ ಖರ್ಚು ಒಂದು ರೂಪಾಯಿಯೂ ಇಳಿದಿರುವುದಿಲ್ಲ, ಖಾಲಿ ಹೊತ್ತಿನ ಸಾಲಿಗೆ ಜಾಗ ಬದಲಿಸಿರುತ್ತದೆ ಅಷ್ಟೆ.