ಡಿಸ್ಕಂಟಿನ್ಯೂಡ್ ಆಪರೇಷನ್ಸ್

ಕಂಪನಿ ಮಾರಿದ, ಮುಚ್ಚಿದ ಅಥವಾ ಮಾರಾಟಕ್ಕಿಟ್ಟ ಪ್ರಮುಖ ವ್ಯವಹಾರಕ್ಕೆ ಲೆಕ್ಕಪತ್ರಗಳಲ್ಲಿ ಈ ಹೆಸರು. ಕನ್ನಡದಲ್ಲಿ ‘ಸ್ಥಗಿತಗೊಂಡ ವ್ಯವಹಾರ’ ಎನ್ನಬಹುದು. ಒಂದೆರಡು ಯಂತ್ರ ಮಾರಿದರೆ ಇದು ಅನ್ವಯಿಸದು. ಹಳೆಯ ಮಾನದಂಡ ಎಎಸ್ 24ರಲ್ಲಿದ್ದ ‘ಡಿಸ್ಕಂಟಿನ್ಯೂಯಿಂಗ್’, ಇಂಡ್ ಎಎಸ್ 105ರಲ್ಲಿ ‘ಡಿಸ್ಕಂಟಿನ್ಯೂಡ್’ ಆಯಿತು.

ಉದಾಹರಣೆಗೆ, ಚೆನ್ನೈನ ಆರ್ಕಿಡ್ ಕೆಮಿಕಲ್ಸ್ 2010ರಲ್ಲಿ ತನ್ನ ಜೆನೆರಿಕ್ ಇಂಜೆಕ್ಷನ್ ಔಷಧ ವ್ಯವಹಾರವನ್ನು ಅಮೆರಿಕದ ಹಾಸ್ಪಿರಾ ಕಂಪನಿಗೆ ಸುಮಾರು 40 ಕೋಟಿ ಡಾಲರಿಗೆ ಮಾರಿತು. ಇಂಥ ವರ್ಷದ ಲಾಭದಲ್ಲಿ ಮಾರಿದ ವ್ಯವಹಾರದ ಗಳಿಕೆಯೂ ಮಾರಾಟದಿಂದ ಬಂದ ಲಾಭವೂ ಸೇರಿರುತ್ತವೆ. ಮುಂದಿನ ವರ್ಷ ಎರಡೂ ಇರುವುದಿಲ್ಲ. ಒಂದು ಕಂಪನಿಯ ಒಟ್ಟು ಲಾಭ 100 ಕೋಟಿ ರೂಪಾಯಿ, ಅದರಲ್ಲಿ 70 ಕೋಟಿ ಇಂಥದ್ದು ಎಂದುಕೊಳ್ಳಿ. ಮುಂದಿನ ವರ್ಷದ ಅಂದಾಜು ಶುರುವಾಗಬೇಕಾದದ್ದು ಉಳಿದ 30 ಕೋಟಿಯಿಂದ. ಅದಕ್ಕೇ ಲೆಕ್ಕಪತ್ರಗಳಲ್ಲಿ ಈ ಎರಡನ್ನು ಬೇರ್ಪಡಿಸಿ ತೋರಿಸುತ್ತಾರೆ. ಹಿಂದಿನ ವರ್ಷದ ಅಂಕಿಗಳನ್ನೂ ಹೀಗೇ ಬೇರ್ಪಡಿಸಿ ಕೊಡುವುದರಿಂದ ಹೋಲಿಕೆ ಸರಿಯಾಗುತ್ತದೆ. ವಾರ್ಷಿಕ ವರದಿಯಲ್ಲಿ ಮೊದಲು ‘ಮುಂದುವರಿಯುವ ವ್ಯವಹಾರಗಳ ಲಾಭ’ದ ಸಾಲು ನೋಡಿ.